ಗೆಳೆಯನಿಗೊಂದು ಪತ್ರ: ಕೆರೆ ತುಂಡು

ಮಂಜಾ,

ಫೋನ್ ಎತ್ತಲಿಲ್ಲ ಅಂತ ಮೂರು ಮೆಸೇಜು ಬೈದು ಹಾಕಿದ್ದೀಯ. ಉತ್ತರ ಇಲ್ಲೇ, ಎಲ್ಲರೆದುರು ಕೊಡುತ್ತೇನೆ. ನಾಳೆ ‘ನನಗೆ ಹೇಳಲೇ ಇಲ್ಲ’ ಅನ್ನಬಾರದು ನೋಡು. ಹಳದಿ ಛತ್ರಿ ವಿಷಯ ಮಾತ್ರ ಇಲ್ಲಿ ಎತ್ತಲ್ಲ, ನಿನ್ನ ಮನೆಯವರೂ ಓದುತ್ತಾರೆ.

ಪಾಠದ ಯೋಜನೆ ಏನು ಅಂತ ಕೇಳಿದ್ದೀಯ. ವಿಷಯ ಇಷ್ಟೇ. ದುರ್ಗದ ಕಾಲೇಜೊಂದರಲ್ಲಿ ಬಿಎ, ಬಿಎಸ್ಸಿ ಮಕ್ಕಳಿಗೆ ಎರಡು ದಿನ ಕ್ಯೂಜಿಐಎಸ್ ಅನ್ನೋ ನಕ್ಷೆ ಸಾಫ್ಟ್‌ವೇರ್ ಹೇಳಿಕೊಡಬೇಕು. ಲ್ಯಾಬಿನಲ್ಲಿ 20 ಕಂಪ್ಯೂಟರ್ ಇವೆ. ನೆಟ್ ಇದೆ ಅನ್ನುತ್ತಾರೆ, ನಾನು ನಂಬಿಲ್ಲ. ಸಾಫ್ಟ್‌ವೇರ್ ಪೆನ್‌ಡ್ರೈವ್‌ನಲ್ಲಿ ಬರುತ್ತದೆ, ಉಪಗ್ರಹ ಚಿತ್ರವನ್ನೂ ನಮಗೆ ಬೇಕಾದಷ್ಟೇ ಕತ್ತರಿಸಿ ಅದರಲ್ಲೇ ಹಾಕಿಕೊಂಡಿದ್ದೇನೆ. ಸೆಂಟಿನೆಲ್-2 ಚಿತ್ರ. ಅದರ ಒಂದು ಚುಕ್ಕಿ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಅಂದರೆ 100 ಚದರ ಮೀಟರ್. ಒಂದು ಗುಂಟೆ ಅಂದರೆ 101.17 ಚದರ ಮೀಟರ್. ಒಂದು ಚುಕ್ಕಿ, ಹೆಚ್ಚೂಕಡಿಮೆ ಒಂದು ಗುಂಟೆ! ನಮ್ಮ ಕಡೆ ಮಕ್ಕಳಿಗೆ ಪಿಕ್ಸೆಲ್ ಅಂದರೇನು ಅಂತ ಹೇಳೋಕೆ ಇದಕ್ಕಿಂತ ಸುಲಭದ ದಾರಿ ನನಗಂತೂ ಸಿಕ್ಕಿಲ್ಲ.

ಮೊದಲ ದಿನ ಸುಲಭ. ಬೆಳಿಗ್ಗೆ ಸಂತೆ ಹೊಂಡ, ಸಿಹಿನೀರು ಹೊಂಡದ ದಂಡೆಯಲ್ಲಿ ನಿಂತು ಫೋನಿನಲ್ಲಿ ಅಕ್ಷಾಂಶ, ರೇಖಾಂಶ ಬರೆದುಕೊಂಡು ಬರುವುದು. ಮಧ್ಯಾಹ್ನ ಅದನ್ನು ಟೈಪ್ ಮಾಡಿ ನಕ್ಷೆಗೆ ಇಳಿಸುವುದು. ಅರ್ಧ ಮಂದಿ ರೇಖಾಂಶ ಕೊಡಬೇಕಾದ `X field` ಜಾಗದಲ್ಲಿ ಅಕ್ಷಾಂಶ ಕೊಡುತ್ತಾರೆ, ಬೇಕಾದರೆ ಬಾಜಿ ಕಟ್ಟು. ಆಗ ಚಿತ್ರದುರ್ಗ ಹೋಗಿ ಉತ್ತರ ಧ್ರುವದ ಕಡೆ, ಸ್ವಾಲ್ಬಾರ್ಡ್ ದ್ವೀಪಗಳ ಹತ್ತಿರ ಸಮುದ್ರಕ್ಕೆ ಬೀಳುತ್ತದೆ. ಆ ತಪ್ಪು ಒಳ್ಳೆಯದು, ಕಣ್ಣಿಗೆ ಹೊಡೆಯುತ್ತದೆ. ಕೆಟ್ಟದ್ದು ಇನ್ನೊಂದಿದೆ. ಫೋನು 14°13'48" ಅಂತ ತೋರಿಸಿದ್ದನ್ನು 14.1348 ಅಂತ ಬರೆದುಕೊಳ್ಳುವುದು. ಸರಿಯಾದ ಲೆಕ್ಕ 14.23. ಹೊಂಡ ಸುಮಾರು 10 ಕಿಲೋಮೀಟರ್ ದಕ್ಷಿಣಕ್ಕೆ ಹೋಗಿ ಯಾರದ್ದೋ ಹೊಲದಲ್ಲಿ ಕೂತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ.

ಎರಡನೇ ದಿನದ್ದೇ ತಲೆನೋವು. ಭೂಗೋಳ ವಿಭಾಗದ ಬೀರುವಿನಲ್ಲಿ ಒಂದು ಹಳೆಯ ಟೋಪೋಶೀಟ್, ಅಂದರೆ ಸರ್ವೆ ನಕ್ಷೆಯ ಹಾಳೆ ಸಿಕ್ಕಿತು. 1:50,000 ಅಳತೆಯದು. ಮಡಿಕೆ ಹರಿದಿದೆ, ಮೂಲೆಯಲ್ಲಿ ಚಹಾ ಕಲೆ. ಅದನ್ನು ಸ್ಕ್ಯಾನ್ ಮಾಡಿ, ಇವತ್ತಿನ ಚಿತ್ರದ ಮೇಲೆ ಕೂರಿಸಿ, ಒಂದು ಕೆರೆ ಆಗ ಎಷ್ಟಿತ್ತು, ಈಗ ಎಷ್ಟಿದೆ ಅಂತ ಮಕ್ಕಳೇ ನೋಡಲಿ ಅನ್ನುವುದು ಯೋಜನೆ. ಹಾಳೆಯಲ್ಲಿ ನಮ್ಮೂರ ಕೆರೆಯೂ ಇತ್ತು. ಗೊತ್ತಿರೋ ಕೆರೆ, ಅದನ್ನೇ ಇಟ್ಟುಕೊಳ್ಳೋಣ ಅಂದುಕೊಂಡೆ. ನನ್ನ ಬುದ್ಧಿ ನಿನಗೆ ಗೊತ್ತಲ್ಲ.

ಮೊದಲು ಸೋಮಾರಿತನ ಮಾಡಿದೆ. ಹಾಳೆಯ ಅಂಚಿನಲ್ಲಿ ಅಚ್ಚಾಗಿರುವ ಅಕ್ಷಾಂಶ, ರೇಖಾಂಶವನ್ನೇ ಕೊಟ್ಟು, ಪದ್ಧತಿ `EPSG:4326` ಅಂದುಬಿಟ್ಟೆ. ಕೆರೆ ಬಂದು ನಮ್ಮ ತೋಟವನ್ನು ಪೂರ್ತಿ ನುಂಗಿತ್ತು! ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ರಸ್ತೆ, ಗುಡಿ, ಹಳ್ಳ ಎಲ್ಲವೂ ಒಂದೇ ದಿಕ್ಕಿಗೆ, ಒಂದೇ ಅಳತೆಗೆ ಸರಿದಿವೆ. ಹಾಗೆ ಎಲ್ಲ ಒಟ್ಟಿಗೆ ಸರಿದಿದ್ದರೆ ಅದು ಕೈತಪ್ಪಲ್ಲ. ಭೂಮಿಯ ಆಕಾರಕ್ಕೆ ಹಳೆಯ ಹಾಳೆಗಳು ಹಿಡಿದದ್ದು ಎವರೆಸ್ಟ್ ದೀರ್ಘಗೋಳದ ಲೆಕ್ಕ, ನಮ್ಮ ಫೋನಿನದು ಡಬ್ಲ್ಯುಜಿಎಸ್84, ನಾನು ಕೊಟ್ಟ `EPSG:4326` ಅಂದರೂ ಅದೇ. ಒಂದರ ಅಂಕಿಯನ್ನು ಇನ್ನೊಂದರದ್ದು ಅಂದರೆ ನಮ್ಮ ಕಡೆ ನಕ್ಷೆ ನೂರು ಮೀಟರ್‌ಗೂ ಜಾಸ್ತಿ ಸರಿಯುತ್ತದೆ.

ಸರಿ, ಭಾನುವಾರ ಬೈಕ್ ಹತ್ತಿ ಊರಿಗೆ ಹೋದೆ. ಹಾಳೆಯಲ್ಲೂ ಇರುವ, ನೆಲದ ಮೇಲೆ ಇನ್ನೂ ಉಳಿದಿರುವ 8 ಜಾಗ ಹಿಡಿದೆ: ಏರಿಯ ಎರಡು ತುದಿ, ಗುಡಿ, ರಸ್ತೆ ಕೂಡುವ ಮೂರು ಜಾಗ, ಹಳೆ ಬಾವಿ, ಸೇತುವೆ. ಫೋನಿನಲ್ಲಿ ಗುರುತು ಹಾಕಿಕೊಂಡು ಬಂದು ಅವುಗಳಿಂದಲೇ ಹಾಳೆಯನ್ನು ಕೂರಿಸಿದೆ. ಹಾಳೆಯನ್ನು ಬಗ್ಗಿಸದೆ ಕೂರಿಸುವ `Polynomial 1` ಇಟ್ಟೆ. ಸರಾಸರಿ ತಪ್ಪು 5 ಪಿಕ್ಸೆಲ್ ಬಂತು. 300 ಡಿಪಿಐ ಸ್ಕ್ಯಾನಿನಲ್ಲಿ ಒಂದು ಪಿಕ್ಸೆಲ್ ಅಂದರೆ ನೆಲದ ಮೇಲೆ ಸುಮಾರು 4.2 ಮೀಟರ್. ಹಾಗಾದರೆ 21 ಮೀಟರ್ ಆಚೀಚೆ. ಹಾಳೆಯ ಮೇಲೆ ಅರ್ಧ ಮಿಲಿಮೀಟರೂ ಇಲ್ಲ, ಪೆನ್ಸಿಲ್ ಗೆರೆಯಷ್ಟು. ಆ ಹಾಳೆಗೆ ಇಷ್ಟು ಬಂದರೆ ಬೇಜಾರಿಲ್ಲ.

ಈಗ ತೋಟ ಕೆರೆಯಿಂದ ಹೊರಗೆ ಬಂತು. ಒಂದು ಮೂಲೆ ಬಿಟ್ಟು.

ಆ ಮೂಲೆಯನ್ನು ಬರೆದು ಅಳೆದೆ. ಇದನ್ನೇ ಮಕ್ಕಳಿಗೆ ಹೇಳಿಕೊಡಬೇಕಿತ್ತಲ್ಲ, ಗುಂಟೆ ಲೆಕ್ಕ:

```
$area / 101.17
```

20.8 ಬಂತು. 70 ಮೀಟರ್ ಉದ್ದ, ಕೆರೆಯ ಗೆರೆಯಿಂದ ಒಳಕ್ಕೆ 30 ಮೀಟರ್. ಅರ್ಧ ಎಕರೆ.

ಮನೆಯಲ್ಲಿ ಆ ಜಾಗಕ್ಕೆ ಏನಂತಾರೆ ಗೊತ್ತಾ? ‘ಕೆರೆ ತುಂಡು’. ಹುಟ್ಟಿದಾಗಿನಿಂದ ಕೇಳಿದ್ದೇನೆ. ಕೆರೆ ಹತ್ತಿರ ಇರೋದಕ್ಕೆ ಹಾಗಂತಾರೆ ಅಂದುಕೊಂಡಿದ್ದೆ. ಕೆರೆ ಒಣಗಿದ ಯಾವುದೋ ವರ್ಷ ಅಜ್ಜ ಅಲ್ಲಿ ನವಣೆ ಬಿತ್ತಿದ್ದರಂತೆ. ಆಮೇಲೆ ಅಪ್ಪ ಅಡಿಕೆ ಸಸಿ ಇಟ್ಟರು. ನಾನು ಎಂಎಸ್ಸಿಗೆ ಫೀಸು ಕಟ್ಟಿದ್ದು ಆ ಅಡಿಕೆಯ ದುಡ್ಡಿನಲ್ಲಿ. ಯಾವ ಎಂಎಸ್ಸಿ ಅಂತ ನಿನಗೆ ಹೇಳಬೇಕಾಗಿಲ್ಲ.

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಆದರೆ ಇದನ್ನೂ ಹೇಳಿಬಿಡುತ್ತೇನೆ. ಅವತ್ತು ರಾತ್ರಿ ಆ ಎಂಟರಲ್ಲಿ ಎರಡು ಗುರುತು ತೆಗೆದೆ, ಬಾವಿ ಮತ್ತು ಸೇತುವೆ. ‘ಇವು ಅಷ್ಟು ಸರಿ ಬಂದಿಲ್ಲ’ ಅಂತ ನನಗೆ ನಾನೇ ಹೇಳಿಕೊಂಡೆ. ತೋಟದ ಮೂಲೆ ಕೆರೆಯೊಳಗೆ 30 ಮೀಟರ್ ಇದ್ದದ್ದು 18ಕ್ಕೆ ಇಳಿಯಿತು. ತಪ್ಪಿನ ಅಂಕಿಯೂ ಇಳಿಯಿತು. ಅದು ಇಳಿಯದೆ ಏನು ಮಾರಾಯ, ಸರಿ ಬರದ ಗುರುತು ತೆಗೆದಷ್ಟೂ ಲೆಕ್ಕ ಚೆನ್ನಾಗಿ ಕೂತಂತೆ ಕಾಣುತ್ತದೆ. ಮೂರೇ ಉಳಿಸಿದರೆ ತಪ್ಪು ಸೊನ್ನೆ ತೋರಿಸುತ್ತದೆ. `Thin Plate Spline` ಒತ್ತಿದರೆ ಎಂಟಿದ್ದರೂ ಸೊನ್ನೆ, ಹಾಳೆಯನ್ನೇ ಎಳೆದು ಬಗ್ಗಿಸಿ ಎಲ್ಲ ಗುರುತಿಗೂ ಮುಟ್ಟಿಸಿಬಿಡುತ್ತದೆ. ಅದಕ್ಕೇ ಎರಡು ಗುರುತನ್ನು ಲೆಕ್ಕಕ್ಕೆ ಸೇರಿಸದೆ ಪಕ್ಕಕ್ಕಿಟ್ಟು, ಕೊನೆಗೆ ಅವು ಎಷ್ಟು ದೂರ ಬಿದ್ದವು ಅಂತ ನೋಡಬೇಕು. ಇದನ್ನು ಮಕ್ಕಳಿಗೆ ಹೇಳಲು ಟಿಪ್ಪಣಿಯಲ್ಲಿ ಕೆಂಪು ಗೆರೆ ಎಳೆದಿಟ್ಟಿದ್ದೆ. ನಾನೇ ರಾತ್ರಿ ಒಂದು ಗಂಟೆಗೆ ಕೂತು ಕೆರೆಯನ್ನು ತಳ್ಳುತ್ತಿದ್ದೆ.

ಟೋಪೋಶೀಟಿನ ನೀಲಿ ಗೆರೆ ಕಾನೂನಿನ ಗಡಿಯಲ್ಲ, ಅದು ನಿಜ. ಅಳತೆ ಮಾಡಿದ ಕಾಲದಲ್ಲಿ ಕಂಡ ನೀರು ಅದು. ಕೆರೆಯ ಗಡಿ ಬೇಕಾದರೆ ಗ್ರಾಮ ನಕ್ಷೆ, ಕೆರೆಯ ಸರ್ವೆ ನಂಬರು, ವಿಸ್ತೀರ್ಣ ಬರೆದಿರುವ ಆಕಾರ್‌ಬಂದ್ ನೋಡಬೇಕು. ‘ಇಷ್ಟು ನೋಡಿ ಒತ್ತುವರಿ ಅನ್ನಬೇಡಿ’ ಅಂತ ಕ್ಲಾಸಿನಲ್ಲಿ ಹೇಳಲೇಬೇಕು. ಆದರೆ ಆಗ ಮಾತಾಡೋದು ಮೇಷ್ಟ್ರೋ, ತೋಟದವರ ಮಗನೋ, ಅದು ಮಾತ್ರ ನನಗೆ ಗೊತ್ತಾಗುತ್ತಿಲ್ಲ. ಅಪ್ಪನನ್ನು ಇನ್ನೂ ಕೇಳಿಲ್ಲ. ಅವರಿಗೆ ಫೋನ್ ಮಾಡಿದರೆ ಮಳೆ, ಕೊಳೆ ರೋಗ, ರೇಟು, ಇಷ್ಟೇ ಮಾತಾಡಿ ಇಟ್ಟುಬಿಡುತ್ತೇನೆ.

ಬಾವಿ, ಸೇತುವೆ ವಾಪಸ್ ಹಾಕಿದ್ದೇನೆ. ಆದರೆ ಆರು ಗುರುತಿನ ಫೈಲನ್ನು ಅಳಿಸಿಲ್ಲ, ಅದು ಇನ್ನೂ ಡೆಸ್ಕ್‌ಟಾಪ್ ಮೇಲಿದೆ.

ಅಯ್ಯೋ ಬಿಡು, ಪಾಠದ ಯೋಜನೆ ಕೇಳಿದವನಿಗೆ ಮನೆ ಪುರಾಣ ಓದಿಸಿದೆ. ಬೇರೆ ಕೆರೆ ಹುಡುಕೋಣ ಅಂತಲೂ ಇದೆ, ಮಕ್ಕಳ ಪೈಕಿ ಯಾರದ್ದಾದರೂ ಊರಿನದು. ಹಾಗೆ ಮಾಡಿದರೆ ಕನಿಷ್ಠ ಅವರಪ್ಪನ ಕೈಲಿ ಬೈಸಿಕೊಳ್ಳುತ್ತೇನೆ, ನಮ್ಮಪ್ಪನ ಕೈಲಿ ಅಲ್ಲ. ಶುಕ್ರವಾರ ಸಂಜೆ ದಾವಣಗೆರೆಯಿಂದ ಐದೂವರೆ ಬಸ್ಸಿಗೆ ಹೊರಟು ಬಾ. ಎಕ್ಸ್‌ಟೆನ್ಶನ್ ಬಾಕ್ಸು ಎರಡು ತಾ, ಲ್ಯಾಬಿನಲ್ಲಿ ಅರ್ಧ ಪ್ಲಗ್ಗು ಸತ್ತಿವೆ. ಮಂಡಕ್ಕಿ ನೀನೇ ತರಬೇಕು, ಹೋದ ಸಲದ ಬಾಕಿ ನನಗೆ ನೆನಪಿದೆ. ಮತ್ತೆ, ಪ್ರತಿ ವರ್ಷ ನಿನ್ನ ಅತ್ತೆಗೆ ಅಂತ ಒಂದು ಚೀಲ ಅಡಿಕೆ ಒಯ್ಯುತ್ತೀಯಲ್ಲ, ಅದರಲ್ಲಿ ಕೆರೆ ತುಂಡಿನದು ಎಷ್ಟು ಅಂತ ಈ ಸಲ ಕೇಳಬೇಡ.

ನಿನ್ನ,
ಮೂರನೇ ಬೆಂಚಿನ ಮೇಷ್ಟ್ರು