ಶಾರ್ಟ್ ಸರ್ಕ್ಯೂಟ್ ಎಂದು ಬರೆದು ಫೈಲು ಮುಚ್ಚಬೇಡಿ: ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ ನಮಸ್ಕಾರಗಳು.

ಕಾರ್ಖಾನೆಯೊಂದಕ್ಕೆ ಬೆಂಕಿ ಬಿದ್ದ ಮರುದಿನ ಪತ್ರಿಕೆಗಳಲ್ಲಿ ಒಂದು ವಾಕ್ಯ ತಪ್ಪದೆ ಬರುತ್ತದೆ: ‘ಶಾರ್ಟ್ ಸರ್ಕ್ಯೂಟ್‌ನಿಂದ ಬೆಂಕಿ ಹೊತ್ತಿಕೊಂಡಿರಬಹುದೆಂದು ಶಂಕಿಸಲಾಗಿದೆ.’ ಎಷ್ಟೋ ಸಲ ತನಿಖೆಯೂ ಆ ವಾಕ್ಯದಿಂದ ಮುಂದೆ ಹೋಗುವುದಿಲ್ಲ. ಸಿದ್ಧ ಉಡುಪು ಕಾರ್ಖಾನೆಯ ಸುರಕ್ಷತಾ ಅಧಿಕಾರಿಯಾಗಿರುವ ನಾನು ತಮ್ಮಲ್ಲಿ ಕೇಳಿಕೊಳ್ಳುವುದು ಒಂದೇ. ಕಿಡಿ ಎಲ್ಲಿಂದ ಬಂತು ಎಂಬಲ್ಲಿಗೆ ನಿಲ್ಲುವ ತನಿಖಾ ವರದಿಯನ್ನು ತಮ್ಮ ಇಲಾಖೆ ಇನ್ನು ಮುಂದೆ ಒಪ್ಪಿಕೊಳ್ಳಬಾರದು. ಇಷ್ಟು ಒತ್ತಾಯ ಮಾಡುವುದೇಕೆ ಎಂದು ತಿಳಿಸಲು ಢಾಕಾದ ಹೊರವಲಯದಲ್ಲಿ ನಡೆದ ಒಂದು ದುರಂತವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

2012ರ ನವೆಂಬರ್ 24, ಶನಿವಾರ ಸಂಜೆ. ಆಶುಲಿಯಾದ ತಾಜ್ರೀನ್ ಫ್ಯಾಷನ್ಸ್ ಕಾರ್ಖಾನೆಯಲ್ಲಿ ಸಾವಿರಕ್ಕೂ ಹೆಚ್ಚು ಮಂದಿ ಓಟಿ ಮಾಡುತ್ತಿದ್ದರು. ಹೆಚ್ಚಿನವರು ಹೆಣ್ಣುಮಕ್ಕಳು. ಬಹುಮಹಡಿ ಕಟ್ಟಡದ ನೆಲಮಹಡಿಯಲ್ಲಿ ನೂಲು ಮತ್ತು ಬಟ್ಟೆಯ ರಾಶಿ. ಬೆಂಕಿ ಹತ್ತಿದ್ದು ಅಲ್ಲಿ. ಅಲಾರಂ ಬಾರಿಸಿತು, ಜನ ಮಿಷನ್ ಬಿಟ್ಟು ಎದ್ದರು. ಮ್ಯಾನೇಜರುಗಳು ‘ಏನೂ ಆಗಿಲ್ಲ, ಕೂತು ಕೆಲಸ ಮಾಡಿ’ ಎಂದು ಅವರನ್ನು ವಾಪಸು ಕೂರಿಸಿದರು. ಕೆಲವು ಮಹಡಿಗಳಲ್ಲಿ ಗೇಟಿಗೆ ಬೀಗ ಬಿದ್ದಿತ್ತು. ಹೊಗೆ ಕಂಡ ಮೇಲೆ ಓಡಿದವರಿಗೆ ಮೂರು ಮೆಟ್ಟಿಲಸಾಲುಗಳಿದ್ದವು, ಆದರೆ ಮೂರೂ ಇಳಿಯುತ್ತಿದ್ದದ್ದು ಅದೇ ಉರಿಯುವ ನೆಲಮಹಡಿಗೆ. ಕಟ್ಟಡದ ಹೊರಗೋಡೆಗೆ ತುರ್ತು ಮೆಟ್ಟಿಲು ಇರಲಿಲ್ಲ. ಕಿಟಕಿಗಳಿಗೆ ಕಬ್ಬಿಣದ ಸರಳು. ಎಕ್ಸಾಸ್ಟ್ ಫ್ಯಾನ್ ಕಿತ್ತು, ಆ ಕಿಂಡಿಯಿಂದ ತೂರಿ ಹೊರಗೆ ಹಾರಿ ಬದುಕಿದವರಿದ್ದಾರೆ. ಕನಿಷ್ಠ 112 ಜನ ಸತ್ತರು.

ಸರ್ಕಾರ ನೇಮಿಸಿದ ಸಮಿತಿ ಮರುತಿಂಗಳೇ ವರದಿ ಕೊಟ್ಟಿತು. ಬೆಂಕಿ ವಿಧ್ವಂಸಕ ಕೃತ್ಯ, ಅಂದರೆ ಯಾರೋ ಬೇಕೆಂದೇ ಹಚ್ಚಿದ್ದು ಎಂಬುದು ಅದರ ಅಭಿಪ್ರಾಯವಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ಮಾಲೀಕನಿಗೆ ಅದಕ್ಕಿಂತ ಒಳ್ಳೆಯ ವರದಿ ಬೇರೆ ಇರಲಿಲ್ಲ. ಆದರೆ ಸಮಿತಿ ಅದರ ಜೊತೆಗೇ ಮಾಲೀಕನ ನಿರ್ಲಕ್ಷ್ಯ ಅಕ್ಷಮ್ಯ, ಅವನ ಮೇಲೂ ಕ್ರಮ ಆಗಬೇಕು ಎಂದಿತು. ಕಾರ್ಮಿಕರನ್ನು ಹೊರಗೆ ಬಿಡದ ಮಧ್ಯಮ ಹಂತದ ಮ್ಯಾನೇಜರುಗಳನ್ನೂ ಹೊಣೆ ಮಾಡಿತು. ಬೆಂಕಿ ಹಚ್ಚಿದವರು ಯಾರೇ ಇರಲಿ, ಗೇಟಿಗೆ ಬೀಗ ಹಾಕಿದ್ದು ಅವರಲ್ಲ. ಕಿಡಿಯ ಮೂಲ ಮತ್ತು ಸಾವಿನ ಕಾರಣ ಎರಡೂ ಬೇರೆ ಬೇರೆ ಎಂಬ ಈ ತಿಳಿವಳಿಕೆಯೇ ನಾನು ಹೇಳಹೊರಟಿರುವ ವಿಷಯದ ಬೇರು.

ಇದಕ್ಕೊಂದು ಸಿದ್ಧಾಂತದ ಚೌಕಟ್ಟನ್ನು ಕೊಟ್ಟವರು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್. 1990ರಲ್ಲಿ ಅವರು ಮುಂದಿಟ್ಟ ಈ ಮಾದರಿ ಮುಂದೆ ‘ಸ್ವಿಸ್ ಚೀಸ್ ಮಾದರಿ’ ಎಂದೇ ಹೆಸರಾಯಿತು. ತೂತುತೂತಾದ ಆ ಗಿಣ್ಣು ನಮ್ಮ ಅಡುಗೆಮನೆಗಳಲ್ಲಿ ಅಪರೂಪ, ಹಾಗಾಗಿ ಒಂದರ ಮೇಲೊಂದು ಇಟ್ಟ ಜರಡಿಗಳನ್ನು ನೆನೆಸಿಕೊಳ್ಳಿ. ಪ್ರತಿ ಜರಡಿಯೂ ಅಪಾಯವನ್ನು ತಡೆಯಲೆಂದು ಇಟ್ಟ ಒಂದು ರಕ್ಷಣೆ. ಪ್ರತಿಯೊಂದರಲ್ಲೂ ತೂತುಗಳಿವೆ, ಅವು ನಿಂತಲ್ಲಿ ನಿಲ್ಲುವುದೂ ಇಲ್ಲ: ಈ ವಾರ ಮುಚ್ಚಿದ್ದು ಮುಂದಿನ ವಾರ ತೆರೆದುಕೊಳ್ಳುತ್ತದೆ. ಒಂದರ ತೂತಿನಿಂದ ಜಾರಿದ್ದನ್ನು ಕೆಳಗಿನದು ಹಿಡಿಯುತ್ತದೆ. ಎಲ್ಲ ತೂತುಗಳೂ ಒಂದೇ ಗೆರೆಗೆ ಬಂದ ಗಳಿಗೆಯಲ್ಲಿ ಮಾತ್ರ ಅಪಾಯ ನೇರ ಮನುಷ್ಯನವರೆಗೆ ಇಳಿಯುತ್ತದೆ.

ತೂತುಗಳಲ್ಲಿ ರೀಸನ್ ಎರಡು ಬಗೆಗಳನ್ನು ಗುರುತಿಸಿದರು. ಒಂದು, ಆ ಗಳಿಗೆಯಲ್ಲಿ ಕೆಲಸದ ಜಾಗದಲ್ಲಿದ್ದವರು ಮಾಡುವ ತಪ್ಪು. ಇನ್ನೊಂದು, ತಿಂಗಳು ಅಥವಾ ವರ್ಷಗಳ ಹಿಂದೆ ಕಟ್ಟಡದ ನಕ್ಷೆ ಮಾಡುವಾಗ, ಖರ್ಚು ಉಳಿಸುವಾಗ, ತಪಾಸಣೆ ಬಿಟ್ಟಾಗ ಒಳಗೆ ಸೇರಿಕೊಂಡು ಸದ್ದಿಲ್ಲದೆ ಕೂತಿರುವ ದೋಷ. ತಾಜ್ರೀನ್‌ನಲ್ಲಿ ‘ಕೂತು ಕೆಲಸ ಮಾಡಿ’ ಎಂದ ಮ್ಯಾನೇಜರನದು ಮೊದಲ ಬಗೆ. ಮೆಟ್ಟಿಲುಗಳು ಗೋದಾಮಿಗೆ ಇಳಿಯುತ್ತಿದ್ದದ್ದು ಎರಡನೆಯದು. ಕೋಪ ಬರುವುದು ಮ್ಯಾನೇಜರನ ಮೇಲೆ, ಜನರನ್ನು ಹೆಚ್ಚು ಕೊಂದದ್ದು ಬಹುಶಃ ಮೆಟ್ಟಿಲು.

ಮೆಟ್ಟಿಲಿನ ವಿಚಾರವನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಕ್ಷೆ ನೋಡಿದವರಿಗೆ ಅದು ಕಾಣುವುದೇ ಇಲ್ಲ. ಕಾಗದದ ಮೇಲೆ ಮೂರು ಮೆಟ್ಟಿಲು ಎಂದರೆ ಮೂರು ದಾರಿ. ಒಂದು ಹೋದರೆ ಇನ್ನೊಂದಿದೆ ಎಂಬ ಧೈರ್ಯ. ಆದರೆ ಮೂರೂ ಒಂದೇ ಕೋಣೆಗೆ ಇಳಿದರೆ, ಆ ಕೋಣೆಯಲ್ಲಿ ಬೆಂಕಿ ಬಿದ್ದ ದಿನ ಅವು ಮೂರಲ್ಲ, ಒಂದು. ಆ ಒಂದೂ ಇಲ್ಲ. ಗೋದಾಮಿಗೂ ಮೆಟ್ಟಿಲಿಗೂ ನಡುವೆ ಬೆಂಕಿ ತಡೆಯುವ ಗೋಡೆ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇಲ್ಲದಿದ್ದರೆ ಮೆಟ್ಟಿಲಸಾಲು ಚಿಮಣಿಯಾಗುತ್ತದೆ. ಬಿಸಿ ಹೊಗೆ ಮನುಷ್ಯ ಇಳಿಯುವುದಕ್ಕಿಂತ ಬಹಳ ಬೇಗ ಮೇಲೇರುತ್ತದೆ. ಬಟ್ಟೆಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅಕ್ರಿಲಿಕ್ ಅಥವಾ ನೈಲಾನ್ ಸುಟ್ಟರೆ ಹೈಡ್ರೋಜನ್ ಸಯನೈಡ್ ಕೂಡ ಬರುತ್ತದೆ. ಉರಿ ಮುಟ್ಟುವ ಮೊದಲೇ ಹೊಗೆ ಜನರನ್ನು ಬೀಳಿಸುತ್ತದೆ. ಅಂಥ ಕಟ್ಟಡದಲ್ಲಿ ಬದುಕಲು ಉಳಿಯುವುದು ಅಲಾರಂ ಬಾರಿಸಿದ ಮೇಲಿನ ಮೊದಲ ಕೆಲವು ನಿಮಿಷಗಳು ಮಾತ್ರ. ಅಂದು ಜನರನ್ನು ಮಿಷನ್ನಿಗೆ ವಾಪಸು ಕೂರಿಸಿ ಕಳೆದದ್ದು ಆ ನಿಮಿಷಗಳನ್ನೇ.

ಈಗ ಈ ಮಾದರಿಯ ಅತಿ ಮುಖ್ಯವಾದ, ಆದರೆ ಹೆಚ್ಚಿನವರು ಬಿಟ್ಟುಬಿಡುವ ಭಾಗಕ್ಕೆ ಬರುತ್ತೇನೆ. ಲೆಕ್ಕಕ್ಕೆಂದು ಹೀಗಿಟ್ಟುಕೊಳ್ಳಿ: ನಾಲ್ಕು ರಕ್ಷಣೆಗಳಿವೆ, ಪ್ರತಿಯೊಂದೂ ಹತ್ತರಲ್ಲಿ ಒಂದು ಸಲ ಕೈಕೊಡುತ್ತದೆ. ಒಂದಕ್ಕೊಂದು ಸಂಬಂಧವಿಲ್ಲದಿದ್ದರೆ ನಾಲ್ಕೂ ಒಟ್ಟಿಗೆ ಕೈಕೊಡುವುದು ಹತ್ತು ಸಾವಿರದಲ್ಲಿ ಒಂದು ಸಲ. ಆದರೆ ನಾಲ್ಕನ್ನೂ ಕೆಡಿಸುವ ಕಾರಣ ಒಂದೇ ಆಗಿದ್ದರೆ ಲೆಕ್ಕ ಮತ್ತೆ ಹತ್ತರಲ್ಲಿ ಒಂದಕ್ಕೇ ಬಂದು ನಿಲ್ಲುತ್ತದೆ. ತಾಜ್ರೀನ್‌ನಲ್ಲಿ ಆದದ್ದು ಹಾಗೆ. ಶಿಪ್‌ಮೆಂಟ್ ತಪ್ಪಬಾರದು ಎಂಬ ಒತ್ತಡದಲ್ಲಿ ಜನ ಓಟಿಗೆಂದು ತುಂಬಿರುತ್ತಾರೆ. ಅಲಾರಂ ಆದಾಗ ಲೈನ್ ನಿಲ್ಲಿಸಲು ಮ್ಯಾನೇಜರ್ ಹಿಂಜರಿಯುವುದೂ ಅದೇ ಒತ್ತಡದಿಂದ. ಮಾಲು ಕದ್ದು ಹೋಗಬಾರದು, ಜನ ಕೆಲಸ ಬಿಟ್ಟು ಹೊರಗೆ ಹೋಗಬಾರದು ಎಂದು ಗೇಟಿಗೆ ಬೀಗ, ಕಿಟಕಿಗೆ ಸರಳು. ಹೊರಗಿನಿಂದ ನೋಡಿದರೆ ಬೇರೆ ಬೇರೆ ತಪ್ಪುಗಳು, ಅಗೆದು ನೋಡಿದರೆ ಬೇರು ಒಂದೇ. ದುರದೃಷ್ಟ ಎಂಬ ಮಾತು ಇಲ್ಲಿ ನಿಲ್ಲುವುದಿಲ್ಲ.

ಇನ್ನೂ ದೂರದ ಜರಡಿಗಳೂ ಇದ್ದವು. ಕಾರ್ಖಾನೆಯ ಅಗ್ನಿಸುರಕ್ಷತಾ ಪ್ರಮಾಣಪತ್ರದ ಅವಧಿ ಅದೇ ವರ್ಷದ ಜೂನ್‌ನಲ್ಲೇ ಮುಗಿದಿತ್ತು. 2011ರ ಮೇ ತಿಂಗಳಲ್ಲಿ ವಾಲ್‌ಮಾರ್ಟ್ ಪರವಾಗಿ ನಡೆದ ಆಡಿಟ್ ಈ ಘಟಕಕ್ಕೆ ‘ಆರೆಂಜ್’, ಅಂದರೆ ಹೆಚ್ಚು ಅಪಾಯದ ದರ್ಜೆ ಕೊಟ್ಟಿತ್ತು. ಆದರೂ ಆ ಕಂಪನಿಯ ಉಡುಪು ಅಲ್ಲಿ ಹೊಲಿಯಲ್ಪಡುತ್ತಲೇ ಇತ್ತು. ಪೂರೈಕೆದಾರನೊಬ್ಬ ನಮ್ಮ ಅನುಮತಿಯಿಲ್ಲದೆ ಉಪಗುತ್ತಿಗೆ ಕೊಟ್ಟಿದ್ದ ಎಂದು ಕಂಪನಿ ಆಮೇಲೆ ಹೇಳಿತು. ತೂತನ್ನು ಕಂಡವರಿದ್ದರು, ಬರೆದವರೂ ಇದ್ದರು. ಆ ಬರಹ ಮಿಷನ್ ಮುಂದೆ ಕೂತವಳಿಗೆ ತಲುಪಲಿಲ್ಲ.

ಈ ಮಾದರಿಗೆ ಮಿತಿಗಳಿವೆ ಎಂಬುದನ್ನೂ ತಮಗೆ ಹೇಳಬೇಕು. ದುರಂತ ಆದ ಮೇಲೆ ಹುಡುಕಿದರೆ ಯಾವ ಕಾರ್ಖಾನೆಯಲ್ಲಾದರೂ ತೂತುಗಳು ಸಿಗುತ್ತವೆ. ಯಾವುದನ್ನು ಮೊದಲು ಮುಚ್ಚಬೇಕೆಂದು ಮಾದರಿ ತಾನಾಗಿ ಹೇಳುವುದಿಲ್ಲ. ಎಲ್ಲರದೂ ಸ್ವಲ್ಪ ಸ್ವಲ್ಪ ತಪ್ಪು ಎಂದು ಹಂಚಿ, ಕೊನೆಗೆ ಯಾರದೂ ತಪ್ಪಲ್ಲ ಎನ್ನುವವರ ಕೈಗೂ ಅದು ಸಿಗುತ್ತದೆ. ನನ್ನ ಮಟ್ಟಿಗೆ ಆಯ್ಕೆಯ ಸೂತ್ರ ಹೀಗಿದೆ: ಆ ಗಳಿಗೆಯಲ್ಲಿ ಯಾರ ತೀರ್ಮಾನಕ್ಕೂ ಕಾಯದ ರಕ್ಷಣೆಯನ್ನು ಮೊದಲು ಗಟ್ಟಿ ಮಾಡಬೇಕು. ನಡುವೆ ಬೆಂಕಿ ತಡೆಯುವ ಗೋಡೆ ಕಟ್ಟಿ ಬೇರ್ಪಡಿಸಿದ, ನೇರ ಬಯಲಿಗೆ ಬಿಡುವ ಮೆಟ್ಟಿಲು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಬೀಗ ಹಾಕುವ ಕೊಂಡಿಯೇ ಇಲ್ಲದ ಬಾಗಿಲಿಗೆ ಬೀಗದ ಕೈ ಹುಡುಕಬೇಕಾಗಿಲ್ಲ. 2013ರಲ್ಲಿ ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದ ನಂತರ ಬಾಂಗ್ಲಾದೇಶದಲ್ಲಿ ಬ್ರ್ಯಾಂಡುಗಳು ಮತ್ತು ಕಾರ್ಮಿಕ ಸಂಘಟನೆಗಳು ಸಹಿ ಹಾಕಿದ ‘ಅಕಾರ್ಡ್’ ಒಪ್ಪಂದ ಹಿಡಿದದ್ದು ಇದೇ ದಾರಿ. ಬೀಗ ಹಾಕಬಹುದಾದ ಕೊಲ್ಯಾಪ್ಸಿಬಲ್ ಗೇಟುಗಳನ್ನು ಕೀಳಿಸಿ, ಮೆಟ್ಟಿಲಿಗೆ ಬೆಂಕಿ ತಡೆಯುವ ಬಾಗಿಲು ಹಾಕಿಸಿದರು. ಒಂದೊಂದು ಕಾರ್ಖಾನೆಯ ತಪಾಸಣಾ ವರದಿಯನ್ನೂ ಸಾರ್ವಜನಿಕರ ಮುಂದಿಟ್ಟರು.

ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲೂ ಅದೇ ಶಿಪ್‌ಮೆಂಟ್ ಒತ್ತಡ ಇದೆ. ನಮ್ಮಲ್ಲಿ ಕಾನೂನಿಗೆ ಕೊರತೆಯಿಲ್ಲ. 1948ರ ಕಾರ್ಖಾನೆ ಕಾಯ್ದೆಯ 38ನೇ ಕಲಮು ಸುರಕ್ಷಿತ ಪಾರುದಾರಿ ಇರಬೇಕು, ಎಲ್ಲ ಕಾರ್ಮಿಕರಿಗೂ ಅದರ ಪರಿಚಯ ಮತ್ತು ತರಬೇತಿ ಇರಬೇಕು ಎಂದು ಸ್ಪಷ್ಟವಾಗಿ ಹೇಳಿತ್ತು. ಅದರ ಜಾಗಕ್ಕೆ ತಂದಿರುವ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ, ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನಿಸಿಕೊಳ್ಳಲು ಬೇಕಾದ ಕಾರ್ಮಿಕರ ಸಂಖ್ಯೆಯನ್ನು 10ರಿಂದ 20ಕ್ಕೆ ಏರಿಸಿದೆ. ಸಣ್ಣ ಹೊಲಿಗೆ ಘಟಕಗಳ ಮೇಲಿದ್ದ ಒಂದು ಜರಡಿ ಇದರಿಂದ ತೆಳುವಾಗುತ್ತದೆ. ಸಂಹಿತೆಯಡಿ ನಿಯಮ ರೂಪಿಸುವ ಅಧಿಕಾರ ರಾಜ್ಯಕ್ಕೂ ಇರುವುದರಿಂದ ಈ ಮಾತನ್ನು ತಮ್ಮ ಮುಂದಿಡುತ್ತಿದ್ದೇನೆ.

ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ತನಿಖಾ ನಮೂನೆಯಲ್ಲಿ ‘ಕಾರಣ’ ಎಂಬ ಒಂದು ಕಾಲಮಿನ ಬದಲು ಪ್ರತಿ ರಕ್ಷಣೆಗೂ ಒಂದು ಸಾಲು ಇರಲಿ. ದಾಸ್ತಾನು ಎಲ್ಲಿತ್ತು, ಅಲಾರಂ ಆದಾಗ ಯಾರು ಏನು ಹೇಳಿದರು, ಯಾವ ಬಾಗಿಲು ತೆರೆಯಿತು, ಮೆಟ್ಟಿಲು ಎಲ್ಲಿಗೆ ಇಳಿಯುತ್ತಿತ್ತು, ಕೊನೆಯ ತಪಾಸಣೆಯಲ್ಲಿ ಏನು ಬರೆದಿತ್ತು, ಅದಕ್ಕೆ ಏನಾಯಿತು. ಪ್ರತಿ ಸಾಲಿನ ಮುಂದೆ, ಅದು ಎಷ್ಟು ದಿನದಿಂದ ಹಾಗಿತ್ತು ಮತ್ತು ಬೇರೆ ಯಾವ ಸಾಲಿನೊಂದಿಗೆ ಅದೇ ಕಾರಣ ಹಂಚಿಕೊಂಡಿದೆ ಎಂದೂ ಬರೆಯಲಿ. ಯಾರೂ ಸಾಯದ, ಅಗ್ನಿಶಾಮಕ ಸಿಲಿಂಡರ್ ಒತ್ತಿ ಆರಿಸಿದ ಸಣ್ಣ ಬೆಂಕಿಗೂ ಇದೇ ನಮೂನೆ ಸಾಕು. ಯಾವ ಜರಡಿ ಹಿಡಿಯಿತು ಎಂದು ತಿಳಿಯುವುದು ಅಲ್ಲೇ.

ತಪಾಸಣೆ ಹಗಲು ಹನ್ನೊಂದಕ್ಕೆ, ಮೊದಲೇ ಫೋನು ಮಾಡಿ ಬರುವುದಾಗಿದ್ದರೆ ಬೀಗ ಕಾಣುವುದಿಲ್ಲ. ಶಿಪ್‌ಮೆಂಟ್ ವಾರದ ರಾತ್ರಿ ಏಳಕ್ಕೆ ಇನ್‌ಸ್ಪೆಕ್ಟರ್ ಬರಲಿ, ಒಂದೊಂದು ಮಹಡಿಯ ಬಾಗಿಲನ್ನೂ ಒಳಗಿನಿಂದ ತಾವೇ ತಳ್ಳಿ ನೋಡಲಿ. ಅಲಾರಂ ಒತ್ತಿ, ಸೂಪರ್‌ವೈಸರ್ ಹೇಳುವುದಕ್ಕೆ ಕಾಯದೆ ಜನ ಏಳುತ್ತಾರೆಯೇ ಎಂದು ಗಮನಿಸಲಿ. ಕಂಡದ್ದನ್ನು ಕನ್ನಡದ ಜೊತೆಗೆ ಹಿಂದಿ, ಒಡಿಯಾದಲ್ಲೂ ಬರೆಸಿ ಕಾರ್ಖಾನೆಯ ಗೇಟಿಗೆ ಅಂಟಿಸಲಿ, ಒಡಿಶಾ, ಜಾರ್ಖಂಡ್‌ನಿಂದ ಬಂದ ಹುಡುಗಿಯರೂ ಒಳಗೆ ಹೋಗುವ ಮೊದಲು ಓದಿಕೊಳ್ಳುವ ಹಾಗೆ.

ಇಂತಿ ತಮ್ಮ ವಿಶ್ವಾಸಿ,
ಸಿದ್ಧ ಉಡುಪು ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿ
ಬೆಂಗಳೂರು