ಮಗಳಿಗೊಂದು ಪತ್ರ: ಸಂಬಳವಿಲ್ಲದ 35 ತಿಂಗಳ ಲೆಕ್ಕ

ತೀರ್ಥಹಳ್ಳಿ ತಾಲ್ಲೂಕು
ಮೇ ತಿಂಗಳ ಮೂರನೇ ವಾರ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ನಾವಿಬ್ಬರೂ ಕ್ಷೇಮ. ಬೆಂಗಳೂರಿನ ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಬಿ.ಎಡ್. ಓದಿ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ ಎಂದು ನೀನು ಹೇಳಿ ಹೋದ ಮೇಲೆ, ಜಗುಲಿಯ ಮೇಜಿನ ಮೇಲೆ ನೀನು ಬಿಟ್ಟುಹೋದ ಲೆಕ್ಕದ ಹಾಳೆಯನ್ನು ನಾಲ್ಕು ದಿನ ಇಟ್ಟುಕೊಂಡು ನೋಡಿದೆ. ಓದಬೇಕೋ ಬೇಡವೋ ಎಂಬ ಮಾತನ್ನು ನಾನು ಮತ್ತೆ ಎತ್ತುವುದಿಲ್ಲ. ಅದನ್ನು ನೀನು ತೀರ್ಮಾನಿಸಿದ್ದೀಯೆ, ಅಪ್ಪಯ್ಯನೂ ನಾನೂ ಮನಸ್ಸಿನಿಂದಲೇ ಒಪ್ಪಿದ್ದೇವೆ. ಆದರೆ ಇಪ್ಪತ್ತಾರು ವರ್ಷ ಸಹಕಾರ ಸಂಘದಲ್ಲಿ ಊರಿನವರ ಸಾಲ ಮತ್ತು ಠೇವಣಿಯ ಲೆಕ್ಕ ಬರೆದವಳಿಗೆ ನಿನ್ನ ಹಾಳೆಯಲ್ಲಿ ಒಂದು ತಪ್ಪು ಕಂಡಿದೆ. ಈ ತಿಂಗಳ ಕೊನೆಗೆ ನೀನು ರಾಜೀನಾಮೆ ಕೊಡುವ ಮೊದಲೇ ಅದನ್ನು ತಿಳಿಸಬೇಕೆಂದು ಈ ಪತ್ರ ಬರೆಯುತ್ತಿದ್ದೇನೆ.

ನೀನು ಬರೆದದ್ದು ಹೀಗಿದೆ. ಶಿವಮೊಗ್ಗದಲ್ಲಿ ಪಿ.ಜಿ. ಮತ್ತು ಊಟಕ್ಕೆ 8,000, ಬಸ್ಸು, ಫೋನು, ಬಟ್ಟೆಬರೆಗೆ 5,000, ಆರೋಗ್ಯ ವಿಮೆಗೆ 1,000, ಒಟ್ಟು ತಿಂಗಳಿಗೆ 14,000 ರೂಪಾಯಿ. ಬಿ.ಎಡ್. ಎರಡು ವರ್ಷದ್ದಾದ್ದರಿಂದ 24 ತಿಂಗಳಿಗೆ 3,36,000. ಕಾಲೇಜಿನ ಶುಲ್ಕ ವರ್ಷಕ್ಕೆ 55,000ದಂತೆ 1,10,000. ನಿನ್ನಲ್ಲಿರುವ ನಿಶ್ಚಿತ ಠೇವಣಿ 3,80,000 ಮತ್ತು ಮ್ಯೂಚುವಲ್ ಫಂಡ್ 2,40,000 ಸೇರಿದರೆ 6,20,000. ಖರ್ಚು ಕಳೆದು ಮಿಕ್ಕ 1,74,000ದ ಎದುರಿಗೆ ‘ಆಪತ್ಕಾಲದ ನಿಧಿ’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೀಯೆ.

ತಪ್ಪು ಇರುವುದು ಆ ಕೊನೆಯ ಸಾಲಿನಲ್ಲಿ. ಎಲ್ಲ ಖರ್ಚು ಕಳೆದು ಮಿಕ್ಕದ್ದನ್ನು ಆಪತ್ತಿನ ಹಣವೆಂದು ಕರೆದರೆ, ಖರ್ಚಿನ ಅಂದಾಜು ತಪ್ಪಿದಾಗಲೆಲ್ಲ ಆ ಹಣವೇ ಕರಗುತ್ತದೆ, ನಿಜವಾದ ಆಪತ್ತು ಬಂದ ದಿನ ಅಲ್ಲಿ ಏನೂ ಇರುವುದಿಲ್ಲ. ನಿನಗೆ ನೆನಪಿದೆಯೋ ಇಲ್ಲವೋ, ನೀನು ಆರನೇ ತರಗತಿಯಲ್ಲಿದ್ದಾಗ ಒಂದು ಮಳೆಗಾಲದಲ್ಲಿ ಕೊಳೆ ರೋಗ ಬಂದು ಅಡಿಕೆಯ ಅರ್ಧ ಫಸಲು ಉದುರಿಹೋಯಿತು. ಮುಂದಿನ ವರ್ಷದ ಮನೆಖರ್ಚನ್ನು ಬೇರೆಯಾಗಿ ಎತ್ತಿಡುವ ಅಭ್ಯಾಸ ಆಗ ನಮಗಿರಲಿಲ್ಲ. ಕೊಯ್ಲಿನ ಕೂಲಿ, ಔಷಧಿಯ ಬಾಕಿ, ನಿನ್ನ ಶಾಲೆಯ ಶುಲ್ಕ ಎಲ್ಲವೂ ಒಂದೇ ಖಾತೆಯಿಂದ ಹೋಗುತ್ತಿದ್ದವು. ಮಂಡಿಯಿಂದ ಮುಂಗಡ ತಂದಿದ್ದ ಕಾರಣ, ಉಳಿದ ಅಡಿಕೆಯನ್ನು ಒಣಗಿಸಿದ ವಾರದಲ್ಲೇ ಅವರು ಹೇಳಿದ ದರಕ್ಕೆ ಕೊಡಬೇಕಾಯಿತು. ಪಕ್ಕದ ಮನೆಯವರ ಫಸಲೂ ನಮ್ಮಷ್ಟೇ ಹಾಳಾಗಿತ್ತು, ಆದರೆ ಅವರು ಒಂದು ವರ್ಷದ ಖರ್ಚನ್ನು ಠೇವಣಿಯಲ್ಲಿ ಇಟ್ಟಿದ್ದರಿಂದ ಅಡಿಕೆಯನ್ನು ಚೀಲದಲ್ಲೇ ಇಟ್ಟುಕೊಂಡು ನಾಲ್ಕು ತಿಂಗಳು ಕಾದು ಮಾರಿದರು. ರೋಗ ಇಬ್ಬರಿಗೂ ಬಂದಿತ್ತು. ಅವಸರದಲ್ಲಿ ಮಾರಬೇಕಾದದ್ದು ನಮಗೆ ಮಾತ್ರ. ಕೆಲಸವನ್ನೂ ಹೀಗೆಯೇ ಅವಸರದಲ್ಲಿ ಒಪ್ಪಿಕೊಳ್ಳಬೇಕಾಗುತ್ತದೆ, ಕೈಯಲ್ಲಿ ಹಣವಿಲ್ಲದಿದ್ದರೆ ಮೊದಲು ಕರೆದ ಶಾಲೆಯವರು ಹೇಳಿದ ಸಂಬಳಕ್ಕೆ ಹೋಗಬೇಕಾಗುತ್ತದೆ.

ಆದ್ದರಿಂದ ಹಣವನ್ನು ಮೊದಲೇ ಮೂರು ಪಾಲು ಮಾಡು: ಸಂಬಳವಿಲ್ಲದ ದಿನಗಳ ಜೀವನಕ್ಕೆ ಒಂದು, ಓದಿನ ಖರ್ಚಿಗೆ ಒಂದು, ಆಪತ್ತಿಗೆ ಒಂದು.

ಮೊದಲನೆಯ ಪಾಲಿನಲ್ಲೇ ದೊಡ್ಡ ವ್ಯತ್ಯಾಸವಿದೆ. ಓದು 24 ತಿಂಗಳಿನದಾದರೂ ಸಂಬಳವಿಲ್ಲದ ಕಾಲ 24 ತಿಂಗಳಿನದಲ್ಲ. ಜುಲೈ ಕೊನೆಗೆ ನೀನು ಕೆಲಸ ಬಿಟ್ಟರೆ, ನೀನೇ ವಿಚಾರಿಸಿದ ಕಾಲೇಜಿನವರು ಹೇಳಿದಂತೆ ಸೀಟು ಹಂಚಿಕೆಯಾಗಿ ತರಗತಿ ಶುರುವಾಗುವುದು ನವೆಂಬರಿನಲ್ಲಿ. ಅಲ್ಲಿಗೆ ಮೂರು ತಿಂಗಳು ಹೋಯಿತು. ಆ ಲೆಕ್ಕದಲ್ಲಿ ಓದು ಮುಗಿಯುವುದು ಎರಡು ವರ್ಷದ ನಂತರದ ಅಕ್ಟೋಬರಿನಲ್ಲಿ, ಆಗ ಶಾಲೆಗಳು ವರ್ಷದ ನಡುವಿನಲ್ಲಿರುತ್ತವೆ. ಖಾಸಗಿ ಶಾಲೆಗಳು ಹೊಸಬರನ್ನು ತೆಗೆದುಕೊಳ್ಳುವುದು ಹೆಚ್ಚಾಗಿ ಬೇಸಿಗೆಯಲ್ಲಿ, ಜೂನ್ ತಿಂಗಳ ಪಾಠಕ್ಕೆ. ಜೂನಿನಲ್ಲಿ ಸೇರಿದವಳ ಕೈಗೆ ಮೊದಲ ಸಂಬಳ ಬರುವುದು ಆ ತಿಂಗಳು ಮುಗಿದ ಮೇಲೆ, ಅಂದರೆ ಅಲ್ಲಿ ಇನ್ನೂ ಎಂಟು ತಿಂಗಳು. ಒಟ್ಟು 35 ತಿಂಗಳಾಯಿತು, 14,000ದಂತೆ 4,90,000 ರೂಪಾಯಿ. ಮೊದಲ ವರ್ಷದ ಸಂಬಳ 15,000 ಇರಬಹುದೆಂದು ನಿನ್ನ ಗೆಳತಿ ಹೇಳಿದ್ದನ್ನೇ ಹಿಡಿದು, ಬಾಡಿಗೆ ಕೋಣೆ ಮಾಡಿದರೆ ಖರ್ಚು 17,000 ಆಗುತ್ತದೆ ಎಂದುಕೊಂಡರೆ, ಆ ವರ್ಷಕ್ಕೂ 24,000 ಬೇಕು. ಈ ಪಾಲು 5,14,000 ಆಯಿತು. ಶಿಕ್ಷಕರ ಅರ್ಹತಾ ಪರೀಕ್ಷೆಯಾದ ಟಿ.ಇ.ಟಿ.ಯನ್ನು ಖಂಡಿತ ಬರೆ, ಒಮ್ಮೆ ಪಾಸಾದರೆ ಅದು ಜೀವಮಾನಕ್ಕೆ ಉಳಿಯುತ್ತದೆ; ಆದರೆ ಅದು ಎಂಟನೇ ತರಗತಿಯವರೆಗಿನ ಪಾಠಕ್ಕೆ ಅರ್ಹತೆ ಮಾತ್ರ, ನೇಮಕಾತಿಯಲ್ಲ. ಸರ್ಕಾರಿ ನೇಮಕಾತಿ ಯಾವ ವರ್ಷ ಬರುತ್ತದೆಂದು ಯಾರೂ ಹೇಳಲಾರರಾದ್ದರಿಂದ ಆ ಸಂಬಳವನ್ನು ಈ ಹಾಳೆಯಲ್ಲಿ ಬರೆಯಬಾರದು.

ಓದಿನ ಪಾಲಿಗೆ ಶುಲ್ಕವೊಂದೇ ಸಾಲದು. ವಿಶ್ವವಿದ್ಯಾಲಯದ ನೋಂದಣಿ, ಪ್ರತಿ ಸೆಮಿಸ್ಟರಿನ ಪರೀಕ್ಷಾ ಶುಲ್ಕ, ಸಮವಸ್ತ್ರದ ಸೀರೆ, ಪಾಠಯೋಜನೆಯ ರೆಕಾರ್ಡು ಪುಸ್ತಕ, ಚಾರ್ಟುಗಳು, ವಾರಗಟ್ಟಲೆ ಬೇರೆ ಶಾಲೆಗೆ ಹೋಗಿ ಪಾಠ ಮಾಡುವಾಗಿನ ಓಡಾಟ, ಟಿ.ಇ.ಟಿ. ಪುಸ್ತಕಗಳು, ಇವೆಲ್ಲಕ್ಕೆ 40,000 ಸೇರಿಸಿದ್ದೇನೆ. ಅಲ್ಲಿಗೆ 1,50,000.

ಆಪತ್ತಿನ ಪಾಲಿಗೆ ಸಾಮಾನ್ಯವಾಗಿ ಆರು ತಿಂಗಳ ಖರ್ಚು ಎನ್ನುತ್ತಾರೆ. ಆ ಮಾತು ಸಂಬಳ ಬರುವವರಿಗೆ ಸರಿ, ಏಕೆಂದರೆ ತೆಗೆದದ್ದನ್ನು ಅವರು ಮತ್ತೆ ತುಂಬಿಸಿಕೊಳ್ಳಬಲ್ಲರು. ನೀನು ಮೂರು ವರ್ಷ ತುಂಬಿಸಲಾರೆ, ಹಾಗಾಗಿ ಹತ್ತು ತಿಂಗಳದ್ದನ್ನು, ಅಂದರೆ 1,40,000ವನ್ನು ಇಡಬೇಕೆಂಬುದು ನನ್ನ ಅಭಿಪ್ರಾಯ. ಮೂರೂ ಪಾಲು ಕೂಡಿದರೆ 8,04,000.

ನಿನ್ನ ಹಾಳೆಯಲ್ಲಿ ಒಂದು ಆದಾಯ ಬಿಟ್ಟುಹೋಗಿದೆ. ಐದು ವರ್ಷ ದಾಟಿದವರಿಗೆ ಗ್ರಾಚ್ಯುಟಿ ಬರುತ್ತದೆ. ಲೆಕ್ಕಕ್ಕೆ ಕೊನೆಯ ಮೂಲ ವೇತನವನ್ನಷ್ಟೇ ಹಿಡಿದರೂ, ಅದನ್ನು 26ರಿಂದ ಭಾಗಿಸಿ, 15ರಿಂದಲೂ ಸೇವೆಯ ವರ್ಷಗಳಿಂದಲೂ ಗುಣಿಸಬೇಕು. ನಿನ್ನ ಮೂಲ ವೇತನ 30,000, ಸೇವೆ ಏಳು ವರ್ಷ, ಆದ್ದರಿಂದ ಸುಮಾರು 1,21,000 ಬರುತ್ತದೆ. ಅದನ್ನು ಸೇರಿಸಿದರೂ ನಿನ್ನಲ್ಲಿರುವುದು 7,41,000, ಕೊರತೆ 63,000. ಭವಿಷ್ಯ ನಿಧಿಯಿಂದ ತೆಗೆದು ತುಂಬಿಸಬಹುದೆಂದು ನಿನಗೆ ಅನ್ನಿಸಬಹುದು. ದಯವಿಟ್ಟು ಅದನ್ನು ಮುಟ್ಟಬೇಡ. ಮುಂದೆ ನಿನ್ನ ಸಂಬಳ ಸಣ್ಣದಾಗಿರುವುದರಿಂದ ಅಷ್ಟು ಹಣವನ್ನು ಮತ್ತೆ ಕೂಡಿಸುವುದು ಬಹಳ ಕಷ್ಟ.

ಕೊರತೆಗೆ ಉಪಾಯ ದಿನಾಂಕದಲ್ಲೇ ಇದೆ. ಜುಲೈ ಬದಲು ಅಕ್ಟೋಬರ್ ಕೊನೆಗೆ ಕೆಲಸ ಬಿಡು. ಈಗ ನಿನ್ನ ಕೈಗೆ 72,000 ಬಂದು 38,000 ಖರ್ಚಾಗಿ 34,000 ಉಳಿಯುತ್ತಿದೆ, ಮೂರು ತಿಂಗಳಿಗೆ 1,02,000. ಜೊತೆಗೆ ಸಂಬಳವಿಲ್ಲದ ಮೂರು ತಿಂಗಳು ಕಡಿಮೆಯಾಗಿ 42,000 ಉಳಿಯುತ್ತದೆ. ಕೊರತೆ ಹೋಗಿ 81,000 ಮಿಗುತ್ತದೆ. ನಿನ್ನ ನೋಟಿಸ್ ಅವಧಿ ಎರಡು ತಿಂಗಳು ಎಂದಿದ್ದೆ. ಸೀಟು ಖಚಿತವಾದ ಮೇಲೆ ರಾಜೀನಾಮೆ ಕೊಟ್ಟು, ನೋಟಿಸ್ ಮುಗಿಯುವ ಮೊದಲೇ ತರಗತಿ ಶುರುವಾದರೆ ಕೆಲವು ದಿನಗಳ ಸಂಬಳವನ್ನು ಕಂಪನಿಯವರು ಹಿಡಿದುಕೊಳ್ಳಬಹುದು, ಆ ಮಿಕ್ಕ ಹಣದಲ್ಲಿ ಅದು ಸರಿದೂಗುತ್ತದೆ. ನೇಮಕಾತಿ ಪತ್ರದಲ್ಲಿ ಈ ಬಗ್ಗೆ ಏನು ಬರೆದಿದೆ ಎಂಬುದನ್ನು ಓದದೆ ಮಾತ್ರ ಯಾವ ದಿನಾಂಕವನ್ನೂ ಅವರಿಗೆ ಹೇಳಬೇಡ.

ಮ್ಯೂಚುವಲ್ ಫಂಡಿನ ವಿಷಯ ಹೇಳಬೇಕು. ನಿನ್ನದು ಪೂರ್ತಿ ಷೇರಿನ ಫಂಡು. ಮೂರು ವರ್ಷದೊಳಗೆ ಅನ್ನಕ್ಕೆ ಬೇಕಾದ ಹಣ ಅಲ್ಲಿರಬಾರದು. ಮಾರುಕಟ್ಟೆ ನೂರಕ್ಕೆ ಮೂವತ್ತು ಇಳಿದರೆ 2,40,000ದಲ್ಲಿ 72,000 ಹೋಗುತ್ತದೆ, ಅದು ನಿನ್ನ ಐದು ತಿಂಗಳ ಜೀವನ. ಕೆಲಸದಲ್ಲಿರುವಾಗಲೇ ಅದನ್ನು ತೆಗೆದು ಬ್ಯಾಂಕಿನ ಠೇವಣಿಗೆ ಹಾಕು. ವರ್ಷ ದಾಟಿದ ಯೂನಿಟ್ಟುಗಳ ಲಾಭ ಒಂದು ಆರ್ಥಿಕ ವರ್ಷದಲ್ಲಿ 1,25,000 ಮೀರದಿದ್ದರೆ ತೆರಿಗೆಯಿಲ್ಲ, ನಿನ್ನ ಲಾಭ ಅಷ್ಟಿಲ್ಲ.

ನನಗೆ ಹೆಚ್ಚು ಚಿಂತೆಯಾದದ್ದು ವಿಮೆಯ ಬಗ್ಗೆ. ನಿನ್ನ ಕಂಪನಿಯ ಆರೋಗ್ಯ ವಿಮೆಯಲ್ಲಿ ನಾವಿಬ್ಬರೂ ಇದ್ದೇವೆ, ನೀನು ಕೆಲಸ ಬಿಟ್ಟೊಡನೆ ಅದು ಮೂವರಿಗೂ ನಿಲ್ಲುತ್ತದೆ. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆಯಿದೆ. ಹೊಸದಾಗಿ ಪಾಲಿಸಿ ಮಾಡಿಸಿದರೆ ಮೊದಲೇ ಇರುವ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು, ನಿನ್ನ ಸಂಬಳವಿಲ್ಲದ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಗುಂಪು ವಿಮೆಯಿಂದ ಅದೇ ವಿಮಾ ಕಂಪನಿಯ ಸ್ವಂತ ಪಾಲಿಸಿಗೆ ಬದಲಾಯಿಸಿಕೊಂಡರೆ, ಈಗಾಗಲೇ ಕಳೆದ ವರ್ಷಗಳು ಆ ಕಾಯುವ ಅವಧಿಗೆ ಲೆಕ್ಕಕ್ಕೆ ಬರುತ್ತವೆ. ಅವರು ಒಪ್ಪದಿರುವ ಸಾಧ್ಯತೆಯೂ ಇರುವುದರಿಂದ ರಾಜೀನಾಮೆಗೆ ಮೊದಲೇ ಬರೆದು ಕೇಳು. ನಮ್ಮಿಬ್ಬರ ಕಂತನ್ನು ನಾವೇ ಕಟ್ಟುತ್ತೇವೆ, ಅಡಿಕೆ ಹಣದಲ್ಲಿ ಅದನ್ನು ಈ ವರ್ಷದಿಂದ ಬೇರೆ ತೆಗೆದಿಡುತ್ತೇನೆ.

ಜೀವನದ ಪಾಲನ್ನು ಆರಾರು ತಿಂಗಳ ಖರ್ಚಿನ ಸಣ್ಣ ಠೇವಣಿಗಳಾಗಿ ಒಡೆದು, ಒಂದೊಂದು ಆರು ತಿಂಗಳಿಗೊಮ್ಮೆ ಮುಗಿಯುವಂತೆ ಇಡು. ಪ್ರತಿ ತಿಂಗಳ ಒಂದನೇ ತಾರೀಕು 14,000 ಮಾತ್ರ ಖರ್ಚಿನ ಖಾತೆಗೆ ಬರುವಂತೆ ಬ್ಯಾಂಕಿಗೆ ಬರೆದುಕೊಡು, ಅದೇ ನಿನ್ನ ಸಂಬಳ. ಆಪತ್ತಿನ ಹಣ ಬೇರೆ ಬ್ಯಾಂಕಿನಲ್ಲಿರಲಿ. ಅಕ್ಟೋಬರಿನಲ್ಲಿ ಬಿಟ್ಟರೆ 32 ತಿಂಗಳಿಗೆ 4,48,000 ಇಟ್ಟುಕೊಂಡು ಹೊರಡುತ್ತೀಯೆ. ಒಂದು ವರ್ಷದ ನಂತರ ಅದರಲ್ಲಿ 2,80,000 ಉಳಿದಿರಬೇಕು. ಆ ದಿನ 2,40,000ಕ್ಕಿಂತ ಕಡಿಮೆ ಕಂಡರೆ ತಿಂಗಳಿಗೆ 17,000ಕ್ಕೂ ಹೆಚ್ಚು ಖರ್ಚಾಗುತ್ತಿದೆ ಎಂದು ಅರ್ಥ, ಹಾಗೇ ಹೋದರೆ ಶಾಲೆಗೆ ಸೇರುವ ಹೊತ್ತಿಗೆ ಹಣ ಮುಗಿದಿರುತ್ತದೆ. ಆಗ ಆಪತ್ತಿನ ಠೇವಣಿ ಒಡೆಯಬೇಡ. ಸಂಜೆ ಎರಡು ಮಕ್ಕಳಿಗೆ ಗಣಿತದ ಮನೆಪಾಠ ಹಿಡಿ, ಇಲ್ಲವೇ ನನಗೆ ಫೋನು ಮಾಡು, ಇಬ್ಬರೂ ಕೂತು ಯಾವ ಖರ್ಚು ಏರಿದೆ ಎಂದು ನೋಡೋಣ.

ಮುಂದಿನ ಶನಿವಾರ ಬರುವಾಗ ನೇಮಕಾತಿ ಪತ್ರ, ವಿಮೆಯ ಕಾರ್ಡು ಮತ್ತು ಠೇವಣಿಯ ರಸೀದಿಗಳನ್ನು ತೆಗೆದುಕೊಂಡು ಬಾ. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಸಬೇಕೆಂದು ಅಪ್ಪಯ್ಯ ತೋಟದಲ್ಲೇ ಇರುತ್ತಾರೆ, ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಹೊಸ ಹಾಳೆಯಲ್ಲಿ ಬರೆಯೋಣ.

ಇತಿ,
ನಿನ್ನ ಅಮ್ಮ