ಗೆಳೆಯನಿಗೊಂದು ಪತ್ರ: ನಿನ್ನ ಬುಧವಾರದ ತಟ್ಟೆ

ಪ್ರಿಯ ಬಸವರಾಜ,

ಇಥಿಯೋಪಿಯಾದ ಅಡಿಸ್ ಅಬಾಬಾದಿಂದ ನೀನು ಕಳಿಸಿದ ಊಟದ ತಟ್ಟೆಯ ಚಿತ್ರವನ್ನು ಬಹಳ ಹೊತ್ತು ನೋಡಿದೆ. ತೆಫ್ ಎಂಬ ಸಣ್ಣ ಧಾನ್ಯದ ಹಿಟ್ಟನ್ನು ಎರಡು ಮೂರು ದಿನ ಹುಳಿ ಬರಿಸಿ ಹುಯ್ದ ದೋಸೆಯಂಥ ಇಂಜೆರಾ, ಅದರ ಮೇಲೆ ಮಸೂರ ಬೇಳೆಯ ಕೆಂಪು ಗೊಜ್ಜು, ಕಡಲೆ ಹಿಟ್ಟಿನ ಶಿರೋ, ಬೆಳ್ಳುಳ್ಳಿ ಹಾಕಿ ಬಾಡಿಸಿದ ಸೊಪ್ಪು, ಎಲೆಕೋಸಿನ ಜೊತೆಗೆ ಬೇಯಿಸಿದ ಆಲೂಗಡ್ಡೆ ಮತ್ತು ಗಜ್ಜರಿ. ಬುಧವಾರ ಮತ್ತು ಶುಕ್ರವಾರ ಊರಿಗೆ ಊರೇ ನಿನ್ನಂತೆ ಸಸ್ಯಾಹಾರಿಯಾಗುತ್ತದೆ, ಉಳಿದ ದಿನಗಳಲ್ಲಿ ಮಾತ್ರ ಸಹೋದ್ಯೋಗಿಗಳು ಎರಡು ಗುಂಪಾಗಿ ಊಟಕ್ಕೆ ಹೋಗುತ್ತಾರೆ, ಇದೇಕೆ ಎಂದು ಕೇಳಿದ್ದೀಯ.

ಬುಧವಾರ, ಶುಕ್ರವಾರಗಳದು ಅಲ್ಲಿನ ಆರ್ಥೊಡಾಕ್ಸ್ ಕ್ರೈಸ್ತರ ಉಪವಾಸ. ಈಸ್ಟರ್ ಕಳೆದ ಮೇಲಿನ 50 ದಿನಗಳನ್ನು ಬಿಟ್ಟರೆ ವರ್ಷವಿಡೀ ಇದು ನಡೆಯುತ್ತದೆ. ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸವಂತೂ 55 ದಿನಗಳದು. ಮಾಂಸ ಮಾತ್ರವಲ್ಲ, ಹಾಲು, ಬೆಣ್ಣೆ, ಮೊಟ್ಟೆಗಳೂ ವರ್ಜ್ಯ. ಹಾಗಾಗಿ ಆ ತಟ್ಟೆ ನಮ್ಮ ಸಸ್ಯಾಹಾರಕ್ಕಿಂತಲೂ ಕಟ್ಟುನಿಟ್ಟಾದುದು. ಆದರೆ ಆ ನಾಡಿನಲ್ಲಿ ಕ್ರೈಸ್ತರನ್ನೂ ಮುಸ್ಲಿಮರನ್ನೂ ಬೇರೆ ಮಾಡುವುದು ಈ ತಟ್ಟೆಯಲ್ಲ, ಉಳಿದ ದಿನಗಳ ಮಾಂಸ. ಹಂದಿಯನ್ನು ಇಬ್ಬರೂ ತಿನ್ನುವುದಿಲ್ಲ. ಒಂದೇ ಸಂತೆಯಿಂದ ತಂದ ಎತ್ತನ್ನೋ ಕುರಿಯನ್ನೋ ಇಬ್ಬರೂ ಕೊಯ್ಯುತ್ತಾರೆ. ಕೊಯ್ಯುವಾಗ ಒಬ್ಬನು ಅಲ್ಲಾಹನ ಹೆಸರನ್ನು ಹೇಳುತ್ತಾನೆ, ಇನ್ನೊಬ್ಬನು ಪಿತ, ಸುತ, ಪವಿತ್ರಾತ್ಮರ ಹೆಸರನ್ನು ಹೇಳುತ್ತಾನೆ. ಆ ಒಂದು ಉಚ್ಚಾರಣೆಯಿಂದ ಮಾಂಸಕ್ಕೆ ಮತ ಅಂಟಿಕೊಳ್ಳುತ್ತದೆ, ಇನ್ನೊಬ್ಬರ ಮಾಂಸವನ್ನು ತಿಂದವನು ತನ್ನವರನ್ನು ಬಿಟ್ಟನೆಂದೇ ಹಳಬರು ಎಣಿಸುತ್ತಾರೆ. ವಿಚಿತ್ರವೆಂದರೆ ಗ್ರಂಥಗಳು ಇಷ್ಟು ಬಿಗಿಯಾಗಿಲ್ಲ. ಗ್ರಂಥ ಪಡೆದ ಜನರ ಆಹಾರ ನಿಮಗೆ ಸಮ್ಮತ ಎಂದು ಕುರ್‌ಆನಿನ 5ನೇ ಅಧ್ಯಾಯ ಹೇಳುತ್ತದೆ. ಸಂತೆಯಲ್ಲಿ ಮಾರುವ ಮಾಂಸವನ್ನು ಏನೂ ವಿಚಾರಿಸದೆ ತಿನ್ನಿರಿ ಎಂದು ಸಂತ ಪೌಲನು ಕೊರಿಂಥದವರಿಗೆ ಬರೆದಿದ್ದಾನೆ. ಗ್ರಂಥ ತೆರೆದಿಟ್ಟ ಬಾಗಿಲನ್ನು ನೆರೆಹೊರೆಯ ರೂಢಿ ಮುಚ್ಚಿದೆ. ಕೊಯ್ಯುವ ಕ್ರಮವೇ ಗೆರೆಯಾಗುವುದು ಸಿಖ್ಖರ ನಡತೆಯ ಸಂಹಿತೆಯಾದ ರೆಹತ್ ಮರ್ಯಾದೆಯಲ್ಲೂ ಉಂಟು: ಅದು ನಿಷೇಧಿಸುವುದು ಮಾಂಸವನ್ನಲ್ಲ, ‘ಕುಠಾ’ವನ್ನು, ಎಂದರೆ ಮುಸ್ಲಿಂ ಪದ್ಧತಿಯಂತೆ ಕೊಯ್ದ ಮಾಂಸವನ್ನು.

ಈಗ ನಿನ್ನ ತಟ್ಟೆಯನ್ನು ಧಾರವಾಡಕ್ಕೆ ತಂದು ನಮ್ಮ ಮನೆಯವರ ಮುಂದೆ ಇಡೋಣ. ನಿಮ್ಮ ಅವ್ವ ಮೊದಲು ಹುಳಿ ಹೆಚ್ಚಾಯಿತೆನ್ನುತ್ತಾಳೆ, ಆಮೇಲೆ ತಿನ್ನುತ್ತಾಳೆ. ಲಿಂಗಾಯತರ ಮನೆಯಲ್ಲಿ ಮಾಂಸ ನಿಷಿದ್ಧ, ಉಳ್ಳಾಗಡ್ಡಿ ಬೆಳ್ಳುಳ್ಳಿಗಳು ಅಲ್ಲ. ನಮ್ಮ ಅಜ್ಜಿ ಬದುಕಿದ್ದಿದ್ದರೆ ತಟ್ಟೆಯನ್ನು ಮುಟ್ಟುತ್ತಿರಲಿಲ್ಲ. ಮಾಧ್ವರ ಮನೆಗೆ ಬೆಳ್ಳುಳ್ಳಿ ತಾಮಸ, ಚಾತುರ್ಮಾಸ್ಯದ ಶಾಕವ್ರತದ ತಿಂಗಳಲ್ಲಂತೂ ತರಕಾರಿಯೇ ಇಲ್ಲ. ಮೆಣಸಿನಕಾಯಿಯ ಬದಲು ಕರಿಮೆಣಸು, ಹುಣಸೆಯ ಬದಲು ಮಾವು. ನಿನಗೆ ನೆನಪಿರಬೇಕು, ನಿಮ್ಮ ಮನೆಯಲ್ಲಿ ರೊಟ್ಟಿಯ ಜೊತೆ ಬೆಳ್ಳುಳ್ಳಿ ಚಟ್ನಿ ತಿಂದು ಬಾಯಿ ಮುಕ್ಕಳಿಸಿ ಬಂದರೂ ಅಜ್ಜಿ ನನ್ನ ಬೆರಳನ್ನು ಮೂಸಿ ನೋಡಿ, ಬಾವಿಯ ಕಟ್ಟೆಗೆ ಕಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿಸುತ್ತಿದ್ದಳು. ಮಾಂಸ ತಿನ್ನುವವರ ಮನೆಯಲ್ಲಿ ನಾನು ಉಣ್ಣುವ ಪ್ರಶ್ನೆಯೇ ಇರದಿದ್ದುದರಿಂದ ಆಕೆಯ ಎಚ್ಚರವೆಲ್ಲ ನಿಮ್ಮ ಮನೆಯ ಕಡೆಗೇ ಇತ್ತು. ಸಸ್ಯಾಹಾರಿಗೆ ಸಸ್ಯಾಹಾರಿಯೇ ಹತ್ತಿರದವನು. ಗೆರೆ ಅಳಿಸಿಹೋಗುವ ಭಯವೂ ಅಲ್ಲಿಯೇ ಹೆಚ್ಚೆಂದು ನನಗೆ ಈಗ ತೋರುತ್ತದೆ.

ನಮ್ಮ ಓಣಿಯ ಕೊನೆಯ ಜೈನರ ಮನೆಯಲ್ಲಿ ಆ ತಟ್ಟೆ ಪೂರ್ತಿ ಸೋಲುತ್ತದೆ. ಆಲೂಗಡ್ಡೆ, ಗಜ್ಜರಿ, ಉಳ್ಳಾಗಡ್ಡಿ ಇವು ಅನಂತಕಾಯಗಳು, ಒಂದೇ ದೇಹದಲ್ಲಿ ಲೆಕ್ಕವಿಲ್ಲದ ಜೀವಗಳಿರುವಂಥವು. ಹಸಿ ಶುಂಠಿ ನಿಷಿದ್ಧ, ತಾನಾಗಿ ಒಣಗುವ ಕಾರಣ ಒಣ ಶುಂಠಿಗೂ ಅರಿಸಿನಕ್ಕೂ ಅಡ್ಡಿಯಿಲ್ಲ. ದಿನಗಟ್ಟಲೆ ಹುಳಿಸಿದ ಹಿಟ್ಟನ್ನು ವ್ರತಸ್ಥರು ಒಪ್ಪುವುದಿಲ್ಲ, ಹೊತ್ತು ಮುಳುಗಿದ ಮೇಲೆ ಊಟವೇ ಇಲ್ಲ. ಎಲ್ಲ ಜೈನರೂ ಇಷ್ಟು ಪಾಲಿಸುತ್ತಾರೆಂದಲ್ಲ. ಬೆಳಗಾವಿ ಕಡೆಯ ಒಕ್ಕಲುತನದ ಜೈನರ ಮನೆಗಳಲ್ಲಿ ನಾನೇ ಉಳ್ಳಾಗಡ್ಡಿ ಹೆಚ್ಚಿದ ಝುಣಕ ತಿಂದಿದ್ದೇನೆ. ಇದನ್ನು ಬರೀ ಗಡಿಯ ಗುರುತೆಂದರೆ ಅವರಿಗೆ ಅನ್ಯಾಯವಾದೀತು, ಅಹಿಂಸೆಯ ಲೆಕ್ಕ ಅಲ್ಲಿ ನಿಜವಾದದ್ದು. ಆದರೆ ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂರಬಹುದೆಂಬುದನ್ನು ಕೊನೆಗೆ ತೀರ್ಮಾನಿಸುವುದೂ ಅದೇ ಲೆಕ್ಕ.

ನಮ್ಮಲ್ಲಿ ಸಸ್ಯಾಹಾರ ಗೋಡೆಯಾದರೆ, ಸಿಖ್ಖರ ಗುರುದ್ವಾರದ ಸಾಮೂಹಿಕ ಊಟವಾದ ಲಂಗರಿನಲ್ಲಿ ಅದು ಯಾರಿಗೂ ಸಂಕೋಚವಾಗದಂತೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸುವ ಉಪಾಯ. ನಿನ್ನ ಬುಧವಾರದ ತಟ್ಟೆಯೂ ಹಾಗೆಯೇ ಇರಬಹುದೆಂಬ ಅನುಮಾನ ನನಗಿದೆ, ಕೊಯ್ದವನು ಯಾರೆಂಬ ಪ್ರಶ್ನೆಯೇ ಅದರಲ್ಲಿಲ್ಲವಲ್ಲ. ಮುಂದಿನ ಬುಧವಾರ ನಿನ್ನ ಮುಸ್ಲಿಂ ಸಹೋದ್ಯೋಗಿಗಳೂ ಅದೇ ಮೇಜಿಗೆ ಬರುತ್ತಾರೆಯೇ ಎಂದು ನೋಡಿ ಬರೆ.

ನಿನ್ನ,
ಗುರುರಾಜ